ಎರಡು ಮೊಳೆ, ಒಂದು ಕ್ಯಾಲೆಂಡರ್

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ ಸಾಮಾನು ಲಾರಿ ಹತ್ತಿದ ಮೇಲೇ ನಿಜವಾದ ಕೆಲಸ. ದೀಪ ಹಾಕಿ ಖಾಲಿ ಕೋಣೆಗಳ ಮೂಲೆಮೂಲೆಯ ಫೋಟೊ ತೆಗೆದೆ, ಸಿಂಕಿನ ಕೆಳಗೂ ಬಗ್ಗಿ. ನಮ್ಮ ಮದುವೆಯಲ್ಲೂ ಇಷ್ಟು ಫೋಟೊ ತೆಗೆಸಿರಲಿಲ್ಲ.

ಕರೆಂಟ್ ಮೀಟರಿನ ಮುಂದೆ ಓನರ್ ಅಂಕಲ್ಲನ್ನೇ ನಿಲ್ಲಿಸಿಕೊಂಡೆ. ಕಳೆದ ಬಿಲ್ಲಿನಲ್ಲಿ 8326, ಇವತ್ತು 8412. ಈ 86 ಯೂನಿಟ್ಟಷ್ಟೇ ನಮ್ಮದು. ಮುಂದೆ ಬರುವವರ ಗೀಸರ್ ನಮ್ಮ ತಲೆಗೆ ಬರಬಾರದಲ್ಲ!

ಅಡ್ವಾನ್ಸ್ ಒಂದು ಲಕ್ಷ. ಕರಾರಿನಂತೆ ಪೇಂಟಿಂಗಿಗೆ ತಿಂಗಳ ಬಾಡಿಗೆ 20,000, ಕರೆಂಟಿಗೆ ಅಂದಾಜು 600 ಕಳೆದರೆ 79,400.

“ಗೋಡೆಗೆ ಎರಡು ಮೊಳೆ ಹೊಡೆದಿದ್ದೀರಲ್ಲಪ್ಪಾ?”

ಬಂದ ದಿನ ತೆಗೆದ ಫೋಟೊ ತೋರಿಸಿದೆ. ಮೊಳೆಗಳು ಆಗಲೇ ಇದ್ದವು, ಅಂಕಲ್ ಅವರ ಹಳೇ ಕ್ಯಾಲೆಂಡರ್ ಸಮೇತ.

ಹಣ ಖಾತೆಗೆ ಬಿದ್ದ ಮೇಲೆ ಮೂರು ಬೀಗದ ಕೈ ಎಣಿಸಿ ಕೊಟ್ಟು, ಸಹಿ ಹಾಕಿಸಿಕೊಂಡೆ. ನಾಲ್ಕನೆಯದು ಎದುರುಮನೆ ಆಂಟಿಯ ಬಳಿ ಇದೆಯೆಂದು ನೆನಪಾಗಿದ್ದು ಲಾರಿ ಹೊರಟ ಮೇಲೆ.