ಹೊಸತೊಡಕಿನ ಶುಕ್ರವಾರ

ಸರ್ಕಾರಿ ರಜಾಪಟ್ಟಿ ತಯಾರಾಗುವುದು ಬೆಂಗಳೂರಿನಲ್ಲಿ. ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು ರಜೆ ಹಾಕುವುದು ಮಾತ್ರ ಒಂಟಿಕೊಪ್ಪಲ್ ಪಂಚಾಂಗ ನೋಡಿಕೊಂಡು. ಈ ಎರಡಕ್ಕೂ ಮಾತುಕತೆಯಿಲ್ಲ. ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಚಂದ್ರಮಂಡಲ ಹೊತ್ತಿಕೊಂಡರೆ ಐದು ದಿನ ಜಾತ್ರೆ; ಪಟ್ಟಿಯಲ್ಲಿ ಅದರ ಸುದ್ದಿಯೇ ಇಲ್ಲ. ಸಂಕ್ರಾಂತಿಗೆ ರಜೆಯುಂಟು, ಅದರ ಬೆನ್ನಿಗೆ ಬರುವ ಬಿಳಿಗಿರಿರಂಗನ ಚಿಕ್ಕಜಾತ್ರೆಗೆ ಇಲ್ಲ. ಮಾದಪ್ಪನ ಬೆಟ್ಟಕ್ಕಂತೂ ತಿಂಗಳಿಗೊಂದು ಅಮಾವಾಸ್ಯೆ. ಹಬ್ಬದ ದಿನ ಕಚೇರಿ ಖಾಲಿಯಾದರೆ ಯಾರಿಗೂ ನಷ್ಟವಿಲ್ಲ, ಅಂದು ಬಾಗಿಲೇ ಹಾಕಿರುತ್ತದೆ. ಖಾಲಿ ಹೊಡೆಯುವುದು ಹಬ್ಬದ ಅಕ್ಕಪಕ್ಕದ ಕೆಲಸದ ದಿನ. ಆದ್ದರಿಂದ ನಾಲ್ಕೈದು ಜನರ ಕಚೇರಿಯ ರಜಾ ಕ್ಯಾಲೆಂಡರನ್ನು ಹಬ್ಬದಿಂದಲ್ಲ, ಹಬ್ಬದ ನೆರೆಮನೆಯಿಂದ ಬರೆಯಲು ಶುರುಮಾಡಬೇಕು ಎಂಬುದು ನನ್ನ ವಾದ. ಒಪ್ಪದವರು ಮೂರು ವರ್ಷದ ಹಾಜರಿ ಪುಸ್ತಕವನ್ನು ಪಂಚಾಂಗದ ಪಕ್ಕದಲ್ಲಿಟ್ಟು ನೋಡಲಿ. ಹೊಟ್ಟೆನೋವಿಗೂ ಅಮಾವಾಸ್ಯೆಗೂ ಇರುವ ನಂಟು ವೈದ್ಯರಿಗೆ ಇನ್ನೂ ತಿಳಿದಂತಿಲ್ಲ.

2026ರ ಮಾರ್ಚನ್ನೇ ತೆಗೆದುಕೊಳ್ಳಿ. 18, ಬುಧವಾರ ಅಮಾವಾಸ್ಯೆ. 19, ಗುರುವಾರ ಯುಗಾದಿ, ಬೆಟ್ಟದಲ್ಲಿ ಜಾತ್ರೆ. 21, ಶನಿವಾರ ರಂಜಾನ್, ಮರುದಿನ ಭಾನುವಾರ. ಉಳಿದದ್ದು 20ರ ಶುಕ್ರವಾರ, ಮೂರು ರಜೆಗಳ ನಡುವೆ ಸಿಕ್ಕಿಬಿದ್ದ ಒಂಟಿ ಕೆಲಸದ ದಿನ. ಅದೂ ಹೊಸತೊಡಕು! ಒಂದು ಸಿಎಲ್ ಕೊಟ್ಟರೆ ನಾಲ್ಕು ದಿನ ಬರುವ ಇಂಥ ಬಡ್ಡಿ ಯಾವ ಬ್ಯಾಂಕಿನಲ್ಲೂ ಸಿಗದು. ಈಗ ನಾಲ್ವರಿರುವ ಒಂದು ಸಹಕಾರ ಸಂಘವನ್ನು ಊಹಿಸಿಕೊಳ್ಳಿ: ಕಾರ್ಯದರ್ಶಿ, ಕ್ಯಾಷಿಯರ್, ಗುಮಾಸ್ತ, ಅಟೆಂಡರ್. ತಾಳಬೆಟ್ಟದಿಂದ ನಡೆದು ಬೆಟ್ಟ ಹತ್ತುವ ಹರಕೆ ಒಬ್ಬರಿಗೆ, ಮನೆಗೆ ಬೀಗರು ಬರುವ ಸಂಭ್ರಮ ಇನ್ನೊಬ್ಬರಿಗೆ, ರಂಜಾನಿನ ಹಿಂದಿನ ದಿನದ ಓಡಾಟ ಮತ್ತೊಬ್ಬರಿಗೆ. ಉಳಿದವರು ಅಟೆಂಡರ್. ಅವರು ಬಾಗಿಲು ತೆಗೆಯುತ್ತಾರೆ, ಕಸ ಹೊಡೆಯುತ್ತಾರೆ, ಫ್ಯಾನ್ ಹಾಕುತ್ತಾರೆ. ಕಚೇರಿ ತೆರೆದಿದೆ ಎಂದು ಯಾರು ಬೇಕಾದರೂ ಪ್ರಮಾಣ ಮಾಡಿ ಹೇಳಬಹುದು. ಆದರೆ ತಿಜೋರಿಗೆ ಜೋಡಿ ಬೀಗ. ಒಂದು ಕೀಲಿ ಕಾರ್ಯದರ್ಶಿಯ ಸೊಂಟದಲ್ಲಿ ಬೆಟ್ಟ ಹತ್ತುತ್ತಿದೆ, ಇನ್ನೊಂದು ಕ್ಯಾಷಿಯರ್ ಮನೆಯಲ್ಲಿ ಬಾಡೂಟದ ವಾಸನೆ ಕುಡಿಯುತ್ತಿದೆ. ಮಾರ್ಚ್ ಕೊನೆಯೊಳಗೆ ಸಾಲ ತೀರಿಸಲು ಹಣ ಕಟ್ಟಿಕೊಂಡು ಬಂದ ರೈತ ಫ್ಯಾನ್ ಗಾಳಿ ಕುಡಿದು ವಾಪಸು ಹೋಗಬೇಕು.

ಹಾಗಾಗಿ ಲೆಕ್ಕ ಹಾಕಬೇಕಾದದ್ದು ತಲೆಯನ್ನಲ್ಲ, ಕೀಲಿಯನ್ನು. ಕೀಲಿ ಇರುವ ಇಬ್ಬರೂ ಒಂದೇ ದಿನ ರಜೆ ಹಾಕಬಾರದು. ಒಬ್ಬರು ಹೋಗುವಾಗ ತಮ್ಮ ಕೀಲಿಯನ್ನು ಹಿಂದಿನ ಸಂಜೆಯೇ ಗುಮಾಸ್ತರಿಗೆ ಚಾರ್ಜ್ ಪುಸ್ತಕದಲ್ಲಿ ಬರೆದು, ಸಹಿ ಹಾಕಿಸಿ ಕೊಟ್ಟು ಹೋಗಬೇಕು. ಕೀಲಿ ಪಡೆದ ಗುಮಾಸ್ತರಿಗೆ ಅಂದು ರಜೆಯಿಲ್ಲ. ಇನ್ನೊಂದು, ನಾಲ್ವರಲ್ಲಿ ಇಬ್ಬರು ಹೋಗಬಹುದಾದರೂ ಕ್ಯಾಲೆಂಡರಿನಲ್ಲಿ ಒಂದೇ ಹೆಸರು ಬರೆಯಬೇಕು. ಎರಡನೆಯ ಜಾಗ ಸಾವು, ಜ್ವರ, ಹೆರಿಗೆಗೆ ಮೀಸಲು. ಸೂತಕ ಮುಂಚೆ ಅರ್ಜಿ ಕೊಟ್ಟು ಬರುವುದಿಲ್ಲ. ಆ ಒಂದು ಹೆಸರು ಯಾರದ್ದು? ಮೊದಲು ಅರ್ಜಿ ಕೊಟ್ಟವರದ್ದು ಎಂದರೆ ತಾರೀಖು ಖಾಲಿ ಬಿಟ್ಟ ಅರ್ಜಿಗಳು ಜನವರಿ ಒಂದಕ್ಕೇ ಡ್ರಾಯರ್ ತುಂಬುತ್ತವೆ. ಸರದಿಯೇ ಸರಿ: ಈ ಯುಗಾದಿ ಪಡೆದವರು ಮುಂದಿನ ಯುಗಾದಿಗೆ ಪಟ್ಟಿಯ ಕೊನೆಗೆ.

ಹರಕೆಗೆ ಸರದಿಯೇ ಎಂದು ಕೇಳುವವರಿದ್ದಾರೆ. ಮಾದಪ್ಪ ಯುಗಾದಿಗೊಮ್ಮೆ ಬಾಗಿಲು ತೆಗೆಯುವ ದೇವರಲ್ಲ. ಮುಂದಿನ ಅಮಾವಾಸ್ಯೆಗೂ ಅಲ್ಲೇ ಇರುತ್ತಾನೆ. ಹೊಸತೊಡಕೂ ಅಷ್ಟೇನೂ ಹಟಮಾರಿಯಲ್ಲ, ಶುಕ್ರವಾರ ಮಾಂಸ ಮುಟ್ಟದ ಮನೆಗಳು ಅದನ್ನು ಭಾನುವಾರಕ್ಕೆ ತಳ್ಳಿಕೊಳ್ಳುತ್ತವೆ. ನಿಜಕ್ಕೂ ಗಟ್ಟಿಯಾದ ಆಕ್ಷೇಪ ಬೇರೆ. ‘ನಮ್ಮ ಹಬ್ಬಕ್ಕೆ ಅವರು ಇರ್ತಾರೆ, ರಂಜಾನ್‌ಗೆ, ಕ್ರಿಸ್‌ಮಸ್‌ಗೆ ನಾವು ನೋಡ್ಕೋತೀವಿ’ ಎಂಬ ಸೌಹಾರ್ದದ ಒಪ್ಪಂದ ಎಲ್ಲ ಕಡೆ ಇರುವಾಗ ಕ್ಯಾಲೆಂಡರ್ ಯಾಕೆ? ಕೇಳಲು ಚೆಂದ. ಲೆಕ್ಕಕ್ಕೆ ಇಳಿದರೆ, ಮಾರ್ಟಳ್ಳಿ ಕಡೆಯ ಕ್ರೈಸ್ತ ನೌಕರರು ಶಿವರಾತ್ರಿ, ಯುಗಾದಿ, ದೀಪಾವಳಿ ಮೂರಕ್ಕೂ ಕಾವಲು ಕೂತು ಪಡೆಯುವುದು ಒಂದು ಡಿಸೆಂಬರ್. ಅದು ಒಪ್ಪಂದವಲ್ಲ, ಬಿಟ್ಟಿ ಚಾಕರಿ. ಮೇಲಾಗಿ ರಂಜಾನ್ ಯುಗಾದಿಯ ಪಕ್ಕಕ್ಕೇ ಬಂದು ಕೂತ ವರ್ಷ ಈ ಒಪ್ಪಂದ ಮುರಿದುಬೀಳುತ್ತದೆ. ರಂಜಾನ್ ಚಂದ್ರದರ್ಶನಕ್ಕೆ ಕಟ್ಟುಬಿದ್ದದ್ದು, ಪಟ್ಟಿಯ ತಾರೀಖು ಒಂದು ದಿನ ಆಚೀಚೆ ಆಗಬಹುದು. ಆದ್ದರಿಂದ ಮುಸ್ಲಿಂ ನೌಕರರ ಹೆಸರನ್ನು 20 ಮತ್ತು 21 ಎರಡೂ ಮನೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಚಂದ್ರ ಕಂಡ ಮೇಲೆ ಒಂದನ್ನು ಅಳಿಸಬೇಕು. ಪೆನ್ನಿನಲ್ಲಿ ಬರೆಯುವವರು ಚಂದ್ರನಿಗೂ ಮೆಮೊ ಕೊಡಬೇಕಾಗುತ್ತದೆ.

ಅದೇ ವರ್ಷದ ನವೆಂಬರ್ 8 ನರಕ ಚತುರ್ದಶಿ, ಭಾನುವಾರ. 10 ಬಲಿಪಾಡ್ಯಮಿ, ಮಂಗಳವಾರ. ನಡುವಿನ 9 ಕೆಲಸದ ದಿನ. ಅಂದು ಅಮಾವಾಸ್ಯೆ, ಬೆಟ್ಟದಲ್ಲಿ ದೀಪಾವಳಿ ಜಾತ್ರೆ, ವಾರ ನೋಡಿದರೆ ಮಾದಪ್ಪನ ಸೋಮವಾರ. ಕೀಲಿ ಯಾರ ಹತ್ತಿರ ಎಂದು ಈಗಲೇ ಕೇಳಿಟ್ಟುಕೊಳ್ಳಿ.