ಎಷ್ಟು ಕೊಡಬೇಕು ಸ್ವಾಮಿ?

ಪೀಣ್ಯದ ಸಣ್ಣ ಕಾರ್ಖಾನೆಯ ಲೆಕ್ಕ ಬರೆಯುವವನಿಗೆ ಏಪ್ರಿಲ್ ಬಂತೆಂದರೆ ಪತ್ರಗಳ ಸುಗ್ಗಿ. ನಮಗೆ ಬುಷ್ ಸಪ್ಲೈ ಮಾಡುವ ಪಾರ್ಟಿಯ ಆಡಿಟರಿಂದ ಈ ಸಲವೂ ಒಂದು ಬಂತು. 'ನಮ್ಮ ಕಕ್ಷಿದಾರರ ಪುಸ್ತಕದ ಪ್ರಕಾರ ಮಾರ್ಚ್ 31ಕ್ಕೆ ನಿಮ್ಮಿಂದ ಬರಬೇಕಾದದ್ದು ₹4,86,200. ಸರಿಯೋ ತಪ್ಪೋ ನೇರವಾಗಿ ನಮಗೇ ತಿಳಿಸಿ.' ಕೊನೆಯಲ್ಲಿ ಇನ್ನೊಂದು ಸಾಲು: 'ಇದು ಹಣ ಕೇಳುವ ಪತ್ರವಲ್ಲ.' ಜನವರಿಯಿಂದ ವಾರ ವಾರವೂ ಹಣ ಕೇಳಿಸಿಕೊಂಡ ಕಿವಿಗೆ ಆ ಸಾಲು ಎಷ್ಟು ಹಿತ!

ಬೆನ್ನಿಗೇ ಆ ಪಾರ್ಟಿಯ ಅಕೌಂಟೆಂಟ್ ಫೋನು. "ಸರ್, ಸುಮ್ಮನೆ ಸೈನ್ ಹಾಕಿ, ಸೀಲ್ ಒತ್ತಿ ನನಗೆ ಕಳಿಸಿಬಿಡಿ. ನಾನೇ ಆಡಿಟರಿಗೆ ಮುಟ್ಟಿಸ್ತೀನಿ." ಆ ಹುಡುಗ ಒಳ್ಳೆಯವನೇ. ಆದರೆ ಇಲ್ಲಿ ಪರೀಕ್ಷೆ ನಡೆಯುತ್ತಿರುವುದು ಅವನ ಪುಸ್ತಕಕ್ಕೆ. ಉತ್ತರಪತ್ರಿಕೆಯನ್ನು ಅವನ ಕೈಗೇ ಕೊಟ್ಟರೆ ಪರೀಕ್ಷೆ ಯಾಕೆ? ಇಂಥ ಪತ್ರ ಕಳಿಸುವುದೂ ಉತ್ತರ ಪಡೆಯುವುದೂ ಆಡಿಟರ ಹಿಡಿತದಲ್ಲೇ ಇರಬೇಕು ಎನ್ನುತ್ತದೆ ಅವರ 505ನೇ ಸ್ಟ್ಯಾಂಡರ್ಡ್. ನಾನು ಪತ್ರದಲ್ಲಿದ್ದ ಆಡಿಟ್ ಕಚೇರಿಯ ವಿಳಾಸ ನಿಜವಾದದ್ದೇ ಎಂದು ನೋಡಿಕೊಂಡು ಲೆಡ್ಜರ್ ತೆಗೆದೆ.

ನಮ್ಮ ಲೆಡ್ಜರಿನಲ್ಲಿದ್ದದ್ದು ₹3,15,400. ವ್ಯತ್ಯಾಸ ₹1,70,800. 'ಸರಿಯಿಲ್ಲ' ಅನ್ನುವ ಜಾಗಕ್ಕೆ ಟಿಕ್ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಯಾಕೆ ಸರಿಯಿಲ್ಲ ಅಂತ ಬರೆಯದ ಉತ್ತರಕ್ಕೆ ಎರಡೇ ದಿನದಲ್ಲಿ ಇನ್ನೊಂದು ಪತ್ರ ಹುಟ್ಟುತ್ತದೆ. ಅವರ ಸ್ಟೇಟ್‌ಮೆಂಟ್ ತರಿಸಿ ಸಾಲಿಗೆ ಸಾಲು ತಾಳೆ ನೋಡುತ್ತ ಹೋದೆ. ಮೂರೇ ಸಾಲು ಉಳಿದವು.

ಮೊದಲನೆಯದು ಒಂದು ಲಕ್ಷದ ಚೆಕ್ಕು. ಮಾರ್ಚ್ 30ಕ್ಕೆ ಬರೆದದ್ದು, ನಮ್ಮಲ್ಲಿ ಅಂದೇ ಖರ್ಚು ಬಿದ್ದಿದೆ, ಅವರಲ್ಲಿ ಜಮೆಯೇ ಇಲ್ಲ. ದಾರಿಯಲ್ಲಿದೆಯೇ? ಇಲ್ಲ, ನಮ್ಮ ಯಜಮಾನರ ಡ್ರಾಯರಿನಲ್ಲಿದೆ. ವರ್ಷದ ಕೊನೆಗೆ ಚೆಕ್ಕು ಬರೆದು, ಸೈನ್ ಮಾಡಿ, ಬೀಗ ಹಾಕಿಡುವುದು ಅವರ ಹಳೆಯ ವ್ರತ. ಪುಸ್ತಕದಲ್ಲಿ ಸಾಲ ಕಡಿಮೆ, ಬ್ಯಾಂಕಿನಲ್ಲಿ ದುಡ್ಡೂ ಭದ್ರ. ಆದರೆ ಕೈ ದಾಟದ ಚೆಕ್ಕು ಪಾವತಿಯಲ್ಲ. ಲಕ್ಷ ವಾಪಸ್ ಸಾಲಕ್ಕೆ ಸೇರಿತು.

ಎರಡನೆಯದು ಮಾರ್ಚ್ 31ರ ಬಿಲ್ಲು, ತೆರಿಗೆ ಸೇರಿ ₹59,000. ಮಾಲು ನಮ್ಮ ಗೇಟಿಗೆ ಬಂದದ್ದು ಏಪ್ರಿಲ್ 2ಕ್ಕೆ, ಹಾಗಾಗಿ ಸ್ಟೋರ್‌ನವರು ಏಪ್ರಿಲ್‌ಗೆ ಬರೆದಿದ್ದಾರೆ. ಇಲ್ಲಿ ನೋಡಬೇಕಾದದ್ದು ಗೇಟನ್ನಲ್ಲ, ಪರ್ಚೇಸ್ ಆರ್ಡರನ್ನು. ಮಾಲನ್ನು ಅವರ ಕಾರ್ಖಾನೆಯಲ್ಲೇ ಒಪ್ಪಿಸಿಕೊಳ್ಳುತ್ತೇವೆ, ಲಾರಿ ನಮ್ಮದು ಎಂದು ನಾವೇ ಬರೆದುಕೊಟ್ಟಿದ್ದೆವು. ಅಂದಮೇಲೆ ಲಾರಿಗೆ ಹತ್ತಿದ ಕ್ಷಣವೇ ಬುಷ್ ನಮ್ಮದು, ಸಾಲವೂ ನಮ್ಮದು.

ಮೂರನೆಯದು ಮಾತ್ರ ನಿಜವಾದ ಜಗಳ. ಅಳತೆ ಮೀರಿದ ಬುಷ್‌ಗಳನ್ನು ಡಿಸೆಂಬರಿನಲ್ಲೇ ರಿಜೆಕ್ಟ್ ಮಾಡಿ ₹11,800ಕ್ಕೆ ಡೆಬಿಟ್ ನೋಟ್ ಕಳಿಸಿದ್ದೆವು. ಅವರು ನೋಟನ್ನೂ ಪುಸ್ತಕಕ್ಕೆ ತೆಗೆದುಕೊಳ್ಳಲಿಲ್ಲ, ಮಾಲನ್ನೂ ಒಯ್ಯಲಿಲ್ಲ. ಆ ಪೆಟ್ಟಿಗೆಯ ಮೇಲೆ ಈಗ ನಮ್ಮ ವಾಚ್‌ಮನ್ ಕೂತು ಟೀ ಕುಡಿಯುತ್ತಾನೆ.

ಅಂದರೆ ಅವರ ಪುಸ್ತಕ ಸರಿಯಿದೆಯೇ ಅಂತ ಕೇಳಿ ಬಂದ ಪತ್ರ ನಮ್ಮ ಪುಸ್ತಕದಿಂದ ಎರಡು ಹುಳುಕು ಹೆಕ್ಕಿಕೊಟ್ಟಿತು. ಉತ್ತರ ಬರೆದೆ: 'ಮಾರ್ಚ್ 31ಕ್ಕೆ ಕೊಡಬೇಕಾದದ್ದು ₹4,74,400. ₹11,800 ತಕರಾರಿನಲ್ಲಿದೆ, ಡೆಬಿಟ್ ನೋಟ್ ಪ್ರತಿ ಲಗತ್ತಿಸಿದೆ.' ಕೆಳಗೆ ಮೂರು ಸಾಲಿನ ತಾಳೆಪಟ್ಟಿ.

ಯಜಮಾನರು ಕನ್ನಡಕ ಏರಿಸಿದರು. "ಕೊಡಬೇಕು ಅಂತ ಸೈನ್ ಹಾಕಿಕೊಟ್ಟರೆ ನಾಳೆ ಕೋರ್ಟಿಗೆ ಅದೇ ಸಾಕ್ಷಿ ಅಲ್ವೇನಯ್ಯಾ?"

ಅವರ ಕಾನೂನು ಜ್ಞಾನ ಪಕ್ಕಾ. ವಾಯಿದೆ ಮುಗಿಯುವ ಮೊದಲು ಸಾಲವನ್ನು ಬರವಣಿಗೆಯಲ್ಲಿ ಒಪ್ಪಿ ಸೈನ್ ಮಾಡಿದರೆ ಅಂದಿನಿಂದ ಹೊಸದಾಗಿ ಮೂರು ವರ್ಷ ಎಣಿಸುತ್ತದೆ 1963ರ ಲಿಮಿಟೇಶನ್ ಆಕ್ಟ್‌ನ 18ನೇ ಸೆಕ್ಷನ್.

"ಸಾಕ್ಷಿ ಹೌದು ಸಾರ್. ಆದರೆ ಕಂಪನಿಯ ಬ್ಯಾಲೆನ್ಸ್ ಶೀಟಿನಲ್ಲಿ ಬರೆದದ್ದೂ ಒಪ್ಪಿಗೆ ಆಗಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅದಕ್ಕೆ ಹೇಗೂ ಸೈನ್ ಹಾಕ್ತೀರಲ್ಲ."

"ಉತ್ತರವನ್ನೇ ಕೊಡದಿದ್ದರೆ?"

"ಮತ್ತೆ ಬರೀತಾರೆ. ಆಮೇಲೆ ನಮ್ಮ ಏಪ್ರಿಲ್ ಪಾವತಿ, ಲಾರಿ ರಸೀದಿ ಎಲ್ಲಾ ಕೆದಕ್ತಾರೆ."

ಸೈನ್ ಬಿತ್ತು. ಪತ್ರ ಹೋಯಿತು. ನಮ್ಮ ಪುಸ್ತಕದಲ್ಲೂ ಲಕ್ಷವನ್ನು ತಿರುಗಿಸಿ, ಬುಷ್ ಬಿಲ್ಲನ್ನು ಮಾರ್ಚಿಗೆ ಎಳೆದು ಕೂರಿಸಿದೆ. ನಮ್ಮ ಆಡಿಟರು ಬರುವುದಿನ್ನೂ ಬಾಕಿಯಿತ್ತು, ಪುಣ್ಯ.

ವಾರ ಕಳೆಯುವಷ್ಟರಲ್ಲಿ ಅದೇ ಅಕೌಂಟೆಂಟ್ ಫೋನು. ತಕರಾರಿನ ಮಾತೇ ಇಲ್ಲ, ದನಿಯಲ್ಲಿ ಜೇನು.

"ಸರ್, ಒಂದು ಲಕ್ಷದ ಚೆಕ್ಕು ರೆಡಿ ಇಟ್ಟಿದ್ದೀರಂತೆ. ಹುಡುಗನ್ನ ಈಗಲೇ ಕಳಿಸ್ಲಾ?"