ಕೀಳಿಸುವುದೋ, ಕ್ಯಾಪ್ ಹಾಕಿಸುವುದೋ

ನನ್ನ ಎಡಗಡೆಯ ಕೆಳದವಡೆ ಹಲ್ಲಿನ ಬಗ್ಗೆ ನನ್ನೊಬ್ಬನನ್ನು ಬಿಟ್ಟು ಮನೆಯವರಿಗೆಲ್ಲ ಖಚಿತ ಅಭಿಪ್ರಾಯವಿತ್ತು. "ಕೀಳಿಸಿ ಬಿಸಾಕೋ, ನಿಮ್ಮಪ್ಪ ಕೀಳಿಸ್ಕೊಂಡು ಸಾಯಂಕಾಲಾನೇ ಊಟ ಮಾಡ್ಲಿಲ್ವಾ?" ಎಂದು ಅಮ್ಮ. "ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸ್ಕೊಳ್ರೀ" ಎಂದು ಹೆಂಡತಿ. ನಾನು ಲವಂಗದ ಪಕ್ಷ.

ಲವಂಗದೆಣ್ಣೆಯ ಹತ್ತಿ ಕಚ್ಚಿಕೊಂಡು ರಾತ್ರಿಯೆಲ್ಲ ವರಾಂಡದಲ್ಲಿ ಶತಪಥ ಹಾಕಿದ ಮೇಲೆ, ಒಂದು ಬೆಳಿಗ್ಗೆ ನೋವು ತಾನಾಗಿ ಮಾಯವಾಯಿತು. ಗೆದ್ದೆನೆಂದು ಮೀಸೆ ತಿರುವಿದೆ. ಹೆಂಡತಿ ನಂಬದೆ ಡಾಕ್ಟರ ಹತ್ತಿರ ಎಳೆದೊಯ್ದಳು. ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು.

"ವಾಸಿಯಾಗಿ ನೋವು ಹೋಗಿದ್ದಲ್ಲ ಸಾರ್, ನರ ಸತ್ತು ಹೋಗಿದ್ದು. ಸೋಂಕು ಈಗ ಎಲುಬಿಗೆ ಇಳಿದಿದೆ."

"ಹಾಗಾದ್ರೆ ನರ ತೆಗೆಯೋ ಕೆಲಸ ಪುಕ್ಕಟೆ ಆಗೋಯ್ತು. ಬರೀ ಕ್ಯಾಪ್ ಹಾಕಿಬಿಡಿ!" ಎಂದೆ. ಡಾಕ್ಟರು ನನ್ನ ಹೆಂಡತಿಯನ್ನು ಅನುಕಂಪದಿಂದ ನೋಡಿದರು. ಕೊಳೆತದ್ದನ್ನು ಒಳಗೇ ಬಿಟ್ಟು ಮುಚ್ಚಿದರೆ ಸೋಂಕು ಬೆಳೆಯುತ್ತಲೇ ಇರುತ್ತದಂತೆ.

ಇಷ್ಟಕ್ಕೂ ತೀರ್ಮಾನ ನಮ್ಮ ಮೂವರ ಕೈಯಲ್ಲಿ ಇರಲೇ ಇಲ್ಲ. ಹುಳುಕನ್ನೆಲ್ಲ ಕೆರೆದು ತೆಗೆದ ಮೇಲೆ ಒಸಡಿನ ಮೇಲೆ ಸುತ್ತಲೂ ಸುಮಾರು 2 ಮಿ.ಮೀ. ಗಟ್ಟಿ ಹಲ್ಲು ಉಳಿದಿರಬೇಕು. ಕ್ಯಾಪು ಆ ಗೋಡೆಯನ್ನು ತಬ್ಬಿ ಹಿಡಿಯಬೇಕು. ಹಿಡಿತವಿಲ್ಲದಿದ್ದರೆ ಅಗಿಯುವ ಭಾರಕ್ಕೆ ಬುಡವೇ ಮುರಿದು ಕ್ಯಾಪಿನ ಸಮೇತ ಕೈಗೆ ಬರುತ್ತದೆ. ಹುಳುಕು ಬೇರುಗಳು ಕವಲೊಡೆಯುವ ಜಾಗಕ್ಕೆ ಇಳಿದಿದ್ದರೆ ಅಥವಾ ಬೇರೇ ಸೀಳಿದ್ದರೆ ಸಾಮಾನ್ಯವಾಗಿ ಕೀಳುವುದೇ ಸರಿ. ನನ್ನದರಲ್ಲಿ ಹಿಂದಿನ ಗೋಡೆಯೊಂದು ಗಡಿಯ ಮೇಲೆ ನಿಂತಿತ್ತು. "ಉಳಿಸಬಹುದು" ಎಂದರು.

ಮರುಕ್ಷಣ ನಾನು ಅಮ್ಮನ ಪಕ್ಷಕ್ಕೆ ಹಾರಿದೆ, ಕೀಳಿಸುವುದು ಅಗ್ಗವಲ್ಲವೇ! ಆಮೇಲಿನ ಲೆಕ್ಕವನ್ನೂ ಡಾಕ್ಟರು ಹೇಳಿದರು. ಕಿತ್ತ ಜಾಗ ಖಾಲಿ ಬಿಟ್ಟರೆ ಹಿಂದಿನ ಹಲ್ಲು ಅತ್ತ ವಾಲಬಹುದು, ಮೇಲಿನದು ಕೆಳಗಿಳಿಯಬಹುದು. ಬ್ರಿಡ್ಜ್ ಕಟ್ಟಲು ಅಕ್ಕಪಕ್ಕದ ಗಟ್ಟಿ ಹಲ್ಲುಗಳನ್ನು ತೇಯಬೇಕು. ಇಂಪ್ಲಾಂಟಿನ ದರ ಕೇಳಿ ನಾನು ತೆರೆದ ಬಾಯಿಯೊಳಗೆ ಅವರು ಕೆಲಸ ಶುರುಮಾಡಿಯೇಬಿಟ್ಟರು.

ರಬ್ಬರ್ ಹಾಳೆ ಕಟ್ಟಿ, ಸಣ್ಣ ಸೂಜಿಗಳಿಂದ ಕಾಲುವೆಗಳನ್ನು ಕೆರೆದು, ಬಚ್ಚಲುಮನೆಯ ಬ್ಲೀಚಿಂಗ್ ವಾಸನೆಯ ದ್ರವದಲ್ಲಿ ತೊಳೆದರು. ನಾನಂದುಕೊಂಡಷ್ಟು ನೋವಾಗಲಿಲ್ಲ, ನರಳಿದ್ದು ಅಭ್ಯಾಸಬಲ.

ಕಾಲುವೆ ತುಂಬಿಸಿಕೊಂಡು ಬಂದವನು "ಕ್ಯಾಪ್ ದೀಪಾವಳಿ ಆದ್ಮೇಲೆ ನೋಡೋಣ" ಎಂದೆ. ಹೆಂಡತಿ ಚಕ್ಕುಲಿ ಡಬ್ಬಿಯನ್ನು ಅಟ್ಟಕ್ಕೇರಿಸಿದಳು. ಕ್ಯಾಪಿಲ್ಲದ ಹಲ್ಲು ಬೇರಿನವರೆಗೆ ಸೀಳಿದರೆ ಕೀಳಿಸಲೇಬೇಕು, ರೂಟ್ ಕೆನಾಲಿನ ದುಡ್ಡೂ ನೀರುಪಾಲು. ಆದ್ದರಿಂದ ಓದುಗ ಮಹಾಶಯರೇ, ಕ್ಯಾಪಿನ ದುಡ್ಡನ್ನು ಬೇರೆ ಎತ್ತಿಟ್ಟುಕೊಂಡೇ ರೂಟ್ ಕೆನಾಲಿಗೆ ಬಾಯಿ ತೆರೆಯಿರಿ.